ಮೂರು ಮೀಟರ್ ಮಳಿಗೆ, ಏಳು ಸೆಕೆಂಡು: ಮೇಳದಲ್ಲಿ ಹಾದುಹೋಗುವವರಿಗೆ ನಮ್ಮ ಪರಿಚಯ ಹೇಳುವ ಬಗೆ

ಬೆಂಗಳೂರಿನ ಅರಮನೆ ಮೈದಾನದ ತ್ರಿಪುರವಾಸಿನಿಯಲ್ಲಿ ರಾಜ್ಯ ಕೃಷಿ ಇಲಾಖೆ ನಡೆಸುವ ಸಾವಯವ ಮತ್ತು ಸಿರಿಧಾನ್ಯ ಅಂತಾರಾಷ್ಟ್ರೀಯ ವಾಣಿಜ್ಯ ಮೇಳದಂಥ ಮೇಳಗಳಲ್ಲಿ ಒಂದು ಸಾಮಾನ್ಯ ಮಳಿಗೆಯ ಅಳತೆ ಮೂರು ಮೀಟರ್ ಅಗಲ, ಮೂರು ಮೀಟರ್ ಆಳ. ಸಾಲಿನಲ್ಲಿ ಅಕ್ಕಪಕ್ಕ ಅಂಥವೇ ಹತ್ತಾರು ಮಳಿಗೆಗಳಿರುತ್ತವೆ, ಎಲ್ಲರ ಮೇಜಿನ ಮೇಲೂ ನವಣೆ, ಸಾಮೆ, ಹಾರಕ, ಊದಲಿನ ಪ್ಯಾಕೆಟ್ಟುಗಳಿರುತ್ತವೆ, ಎಲ್ಲರೂ "ಬನ್ನಿ ಸರ್, ಬನ್ನಿ ಮೇಡಂ" ಎಂದೇ ಕರೆಯುತ್ತಿರುತ್ತಾರೆ. ಇಂಥ ಸಾಲಿನಲ್ಲಿ ನಿಂತು, ನಡೆಯುತ್ತಲೇ ಇರುವ ಒಬ್ಬರಿಗೆ ನಾವು ಯಾರು, ನಮ್ಮಲ್ಲಿ ಏನಿದೆ ಎಂದು ತಿಳಿಸುವ ಮಾತನ್ನು ಹೇಗೆ ಕಟ್ಟಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮಧುಗಿರಿ ತಾಲ್ಲೂಕಿನ ಕೊರಲೆ ಬೆಳೆಗಾರರ ಒಂದು ರೈತ ಉತ್ಪಾದಕರ ಕಂಪನಿಯ ಮಳಿಗೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಸಿರಿಧಾನ್ಯಗಳ ಪೈಕಿ ಪೇಟೆಯವರಿಗೆ ಅತಿ ಕಡಿಮೆ ಪರಿಚಯವಿರುವುದು ಕೊರಲೆ. ಹಾಗಾಗಿ ಮಾತಿನ ಕೊರತೆ ಎಲ್ಲಿದೆ ಎಂಬುದು ಅಂಥ ಮಳಿಗೆಯಲ್ಲಿ ಬೇಗ ಕಾಣುತ್ತದೆ.

ಮೊದಲು ಸಮಯವನ್ನು ಅಳೆಯಿರಿ

ಜನಜಂಗುಳಿಯಲ್ಲಿ ನಿಧಾನವಾಗಿ ಅತ್ತಿತ್ತ ನೋಡುತ್ತ ನಡೆಯುವವರು ಸೆಕೆಂಡಿಗೆ ಸುಮಾರು ಮುಕ್ಕಾಲು ಮೀಟರ್ ಸಾಗುತ್ತಾರೆ ಎಂದಿಟ್ಟುಕೊಳ್ಳಿ. ಮೂರು ಮೀಟರ್ ಅಗಲದ ಮಳಿಗೆಯನ್ನು ದಾಟಲು ಅವರಿಗೆ ನಾಲ್ಕೇ ಸೆಕೆಂಡು ಸಾಕು. ಅವರು ಮಳಿಗೆಯ ಅಂಚಿಗೆ ಬರುವುದಕ್ಕೆ ಎರಡು ಮೀಟರ್ ಮುಂಚೆಯೇ ನೀವು ಮಾತು ಆರಂಭಿಸಿದರೆ ಇನ್ನೆರಡೂವರೆ ಸೆಕೆಂಡು ಸೇರುತ್ತದೆ. ಒಟ್ಟು ಆರೂವರೆ, ಹೆಚ್ಚೆಂದರೆ ಏಳು ಸೆಕೆಂಡು ನಿಮ್ಮ ಪಾಲಿಗೆ ಬರುತ್ತದೆ.

ಈ ಏಳು ಸೆಕೆಂಡಿನಲ್ಲಿ ಎಷ್ಟು ಹೇಳಬಹುದು ಎಂಬುದನ್ನು ಪದಗಳ ಲೆಕ್ಕದಲ್ಲಿ ಹಾಕಬೇಡಿ. ತರಬೇತಿಗಳಲ್ಲಿ "ಇಪ್ಪತ್ತು ಪದಗಳೊಳಗೆ ಹೇಳಿ" ಎಂದು ಕಲಿಸುವುದನ್ನು ಕೇಳಿದ್ದೇನೆ. ಆ ಲೆಕ್ಕ ಇಂಗ್ಲಿಷಿಗೆ ಹೊಂದಬಹುದು, ಕನ್ನಡಕ್ಕೆ ಹೊಂದುವುದಿಲ್ಲ. ಕನ್ನಡದಲ್ಲಿ "ಬಂದಿದ್ದೇವೆ" ಎಂಬುದೂ ಒಂದು ಪದ, "ಬಾ" ಎಂಬುದೂ ಒಂದು ಪದ. ಆದ್ದರಿಂದ ಅಕ್ಷರಗಳನ್ನೇ ಎಣಿಸಬೇಕು. ಒತ್ತಕ್ಷರವನ್ನು ಒಂದೇ ಅಕ್ಷರವೆಂದು ಹಿಡಿಯಿರಿ, ಸೊನ್ನೆಯನ್ನು ಹಿಂದಿನ ಅಕ್ಷರದ ಜೊತೆಗೇ ಸೇರಿಸಿ, "ಸರ್" ಎಂಬಲ್ಲಿ ಬರುವಂಥ ಕೊನೆಯ ಅರ್ಧಾಕ್ಷರವನ್ನು ಬಿಟ್ಟುಬಿಡಿ. ಗದ್ದಲದ ಜಾಗದಲ್ಲಿ ಎದುರಿನವರಿಗೆ ಸ್ಪಷ್ಟವಾಗಿ ಕೇಳುವಂತೆ ಹೇಳಿದರೆ ಸೆಕೆಂಡಿಗೆ ಐದು, ಬಹಳವೆಂದರೆ ಆರು ಅಕ್ಷರ ಹೊರಡುತ್ತವೆ. ಏಳು ಸೆಕೆಂಡಿಗೆ ಸುಮಾರು ಮೂವತ್ತೈದು ಅಕ್ಷರ. ಕೇಳಿಸಿಕೊಂಡವರು ನಿಲ್ಲಬೇಕೋ ಬೇಡವೋ ಎಂದು ತೀರ್ಮಾನಿಸಲೂ ಒಂದೆರಡು ಸೆಕೆಂಡು ಬೇಕಾಗುವುದರಿಂದ, ಮೊದಲ ಮಾತು ಇಪ್ಪತ್ತು ಅಕ್ಷರಗಳೊಳಗೆ ಮುಗಿಯುವಂತಿರಬೇಕು.

ಈಗ ಹೇಳುತ್ತಿರುವುದನ್ನು ಬರೆದು ಎಣಿಸಿ

ನಮ್ಮ ಉದಾಹರಣೆಯ ಮಳಿಗೆಯವರು ಮೊದಲು ಹೇಳುತ್ತಿದ್ದ ಮಾತು ಹೀಗಿತ್ತು: "ನಮಸ್ಕಾರ ಸರ್, ನಾವು ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ರೈತ ಉತ್ಪಾದಕರ ಕಂಪನಿಯಿಂದ ಬಂದಿದ್ದೇವೆ. ನಮ್ಮಲ್ಲಿ ಗುಣಮಟ್ಟದ ಸಿರಿಧಾನ್ಯ ಮತ್ತು ಮೌಲ್ಯವರ್ಧಿತ ಉತ್ಪನ್ನಗಳು ಸಿಗುತ್ತವೆ, ಒಮ್ಮೆ ಬಂದು ನೋಡಿ."

ಮರ್ಯಾದೆಯ ಮಾತು, ತಪ್ಪಿಲ್ಲದ ಕನ್ನಡ. ಪದಗಳನ್ನು ಎಣಿಸಿದರೆ ಇಪ್ಪತ್ತೊಂದೇ. ಆದರೆ ಅಕ್ಷರಗಳು ಎಪ್ಪತ್ತೆರಡು, ಅಂದರೆ ಹದಿನಾಲ್ಕು ಸೆಕೆಂಡಿನಷ್ಟು. "ಬಂದಿದ್ದೇವೆ" ಎಂಬಲ್ಲಿಗೆ ಮೂವತ್ತೆಂಟು ಅಕ್ಷರಗಳಾಗಿರುತ್ತವೆ, ಹಾದುಹೋಗುವವರು ಅಷ್ಟು ಹೊತ್ತಿಗೆ ಪಕ್ಕದ ಮಳಿಗೆಯ ಮುಂದಿರುತ್ತಾರೆ. ಅವರ ಕಿವಿಗೆ ಬಿದ್ದದ್ದು ಜಿಲ್ಲೆ ಮತ್ತು ತಾಲ್ಲೂಕಿನ ಹೆಸರು ಮಾತ್ರ. "ಸಿರಿಧಾನ್ಯ" ಎಂಬ ಪದ ಮುಗಿಯುವುದು ಐವತ್ತನೆಯ ಅಕ್ಷರಕ್ಕೆ, ಅದೂ ಮೇಳದ ಹೆಸರಿನಲ್ಲೇ ಇರುವ ಪದ. ಇಡೀ ಸಾಲಿನಲ್ಲಿ ಈ ಮಳಿಗೆಯವರು ಮಾತ್ರ ಹೇಳಬಹುದಾದ "ಕೊರಲೆ" ಎಂಬ ಪದ ಎಪ್ಪತ್ತೆರಡು ಅಕ್ಷರಗಳಲ್ಲಿ ಎಲ್ಲಿಯೂ ಇಲ್ಲ.

ನಿಮ್ಮ ಮಾತನ್ನೂ ಹೀಗೆಯೇ ಕಾಗದದ ಮೇಲೆ ಬರೆದು, ಮೂವತ್ತೈದನೆಯ ಅಕ್ಷರದ ಬಳಿ ಒಂದು ಗೆರೆ ಎಳೆಯಿರಿ. ಗೆರೆಯ ಎಡಕ್ಕಿರುವುದನ್ನು ಮಾತ್ರ ಓದಿ, ಅಷ್ಟರಿಂದಲೇ ನೀವು ಏನು ಮಾರುತ್ತೀರೆಂದು ತಿಳಿಯುತ್ತದೆಯೇ ಎಂದು ಕೇಳಿಕೊಳ್ಳಿ. ಮನೆಯವರಿಗೆ ಓದಿ ಹೇಳಿ ಕೇಳುವುದು ಇನ್ನೂ ಒಳ್ಳೆಯದು, ಏಕೆಂದರೆ ಬರೆದವರಿಗೆ ಗೆರೆಯ ಬಲಕ್ಕಿರುವುದೂ ಮನಸ್ಸಿನಲ್ಲಿ ಕೇಳಿಸುತ್ತಲೇ ಇರುತ್ತದೆ.

ವಾಕ್ಯದ ಕೊನೆಯಲ್ಲಿರುವುದನ್ನು ಮೊದಲಿಗೆ ತನ್ನಿ

ಈ ತೊಂದರೆಗೆ ಮಾತು ಉದ್ದವಾಗಿರುವುದೊಂದೇ ಕಾರಣವಲ್ಲ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಶೇಷಣಗಳೆಲ್ಲ ನಾಮಪದಕ್ಕಿಂತ ಮೊದಲೇ ಸಾಲುಗಟ್ಟುತ್ತವೆ. "ನಮ್ಮ ಊರಿನ ರೈತರು ಸೇರಿ ಯಾವುದೇ ರಾಸಾಯನಿಕ ಹಾಕದೆ ಬೆಳೆದ" ಎಂದು ಎಷ್ಟು ದೂರ ಹೋದರೂ ಕೇಳುವವರಿಗೆ ಅದು ಅಕ್ಕಿಯೋ, ಬೆಲ್ಲವೋ, ಕಡಲೆಕಾಯಿಯೋ ತಿಳಿಯುವುದಿಲ್ಲ. ಕುಳಿತು ಕೇಳುವವರು ಕೊನೆಯ ಪದದವರೆಗೆ ಕಾಯುತ್ತಾರೆ. ನಡೆಯುವವರು ಕಾಯುವುದಿಲ್ಲ. ಅದರ ಮೇಲೆ, ವಾಕ್ಯದ ಕೊನೆಗೆ ಬರುತ್ತಿದ್ದಂತೆ ನಮ್ಮ ದನಿ ತಾನಾಗಿ ಇಳಿಯುತ್ತದೆ. ಧ್ವನಿವರ್ಧಕದ ಸದ್ದಿನ ನಡುವೆ ಆ ಕೊನೆಯ ಪದವೇ ಮುಳುಗಿಹೋಗುತ್ತದೆ.

ಇದಕ್ಕೆ ಪರಿಹಾರ ಭಾಷೆಯೊಳಗೇ ಇದೆ. ಕ್ರಿಯಾಪದವಿಲ್ಲದ ವಾಕ್ಯ ಕನ್ನಡದಲ್ಲಿ ಪೂರ್ಣ ವಾಕ್ಯವೇ ಆಗುತ್ತದೆ. "ಇದು ಕೊರಲೆ ಅಕ್ಕಿ" ಎಂಬ ಏಳು ಅಕ್ಷರಗಳಲ್ಲಿ ವಸ್ತುವಿನ ಹೆಸರೂ ಬಂತು, ಅದು ಅಡುಗೆಗೆ ಸಿದ್ಧವಾಗಿ ಹೊಟ್ಟು ತೆಗೆದ ಕಾಳು ಎಂಬುದೂ ಬಂತು. ಆದ್ದರಿಂದ ಮೊದಲ ಮಾತನ್ನು ಕಟ್ಟುವಾಗ ವಸ್ತುವಿನ ಹೆಸರಿರುವ ಇಂಥದೊಂದು ಪುಟ್ಟ ವಾಕ್ಯವನ್ನು ಎಲ್ಲಕ್ಕಿಂತ ಮುಂದೆ ಇಡಿ. ಅದರ ಹಿಂದೆಯೇ, ಕೇಳುವವರು ಅಲ್ಲೇ ಮಾಡಬಹುದಾದ ಒಂದು ಕೆಲಸವನ್ನು ಹೇಳಿ: ಮುಟ್ಟಿ ನೋಡುವುದು, ಮೂಸುವುದು, ತಿನ್ನುವುದು. "ಒಮ್ಮೆ ಬಂದು ನೋಡಿ" ಎಂಬುದು ಅಂಥ ಕೆಲಸವಲ್ಲ, ಏಕೆಂದರೆ ಅವರು ನೋಡುತ್ತಲೇ ನಡೆಯುತ್ತಿದ್ದಾರೆ.

ನಮ್ಮ ಮಳಿಗೆಯವರ ಹೊಸ ಮೊದಲ ಮಾತು ಹೀಗಾಯಿತು: "ಇದು ಕೊರಲೆ ಚಿತ್ರಾನ್ನ. ಒಂದು ಚಮಚ ತಿಂದು ನೋಡಿ, ಅಕ್ಕ." ಅಕ್ಷರಗಳು ಹತ್ತೊಂಬತ್ತು, ನಾಲ್ಕು ಸೆಕೆಂಡಿನೊಳಗೆ ಮುಗಿಯುತ್ತದೆ. ಕಂಪನಿಯ ಹೆಸರಾಗಲಿ, ತಾಲ್ಲೂಕಾಗಲಿ, "ಗುಣಮಟ್ಟದ" ಎಂಬ ಮಾತಾಗಲಿ ಇದರಲ್ಲಿ ಇಲ್ಲ. ಪರಿಚಯ ಎಂದರೆ ಹೆಸರಿನಿಂದಲೇ ಆರಂಭವಾಗಬೇಕು ಎಂದು ಸಂಘದ ಹಿರಿಯರು ಒತ್ತಾಯಿಸುವುದುಂಟು, ಅವರ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಹೆಸರು ತಲೆಯ ಮೇಲಿನ ಫಲಕದಲ್ಲಿ ದೊಡ್ಡದಾಗಿ ಬರೆದೇ ಇರುತ್ತದೆ. ಫಲಕ ಮಾಡಬಲ್ಲ ಕೆಲಸಕ್ಕೆ ಆ ನಾಲ್ಕು ಸೆಕೆಂಡನ್ನು ಖರ್ಚು ಮಾಡುವುದು ದುಬಾರಿಯಾಗುತ್ತದೆ.

ಚಿತ್ರಾನ್ನವನ್ನೇ ಆರಿಸಿಕೊಂಡದ್ದಕ್ಕೂ ಕಾರಣವಿದೆ. ಬಿಸಿಬೇಳೆ ಬಾತಿನಲ್ಲಿ ಮಸಾಲೆಯ ರುಚಿ ಮುಂದಾಗಿ ಕಾಳಿನ ಗುಣ ತಿಳಿಯುವುದಿಲ್ಲ, ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುತ್ತದೆ, ಪಾಯಸ ತಿಂದವರಿಗೆ ಸಿಹಿ ಮಾತ್ರ ನೆನಪಿರುತ್ತದೆ. ನಿಂಬೆಹಣ್ಣಿನ ಚಿತ್ರಾನ್ನದಲ್ಲಿ ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ, ಅನ್ನದ ಬದಲಿಗೆ ಇದನ್ನು ಬಳಸಬಹುದೆಂದು ನಾಲಿಗೆಗೇ ತಿಳಿಯುತ್ತದೆ. ಮಳಿಗೆಯೊಳಗೆ ಒಲೆ ಹೊತ್ತಿಸಲು ಅನುಮತಿ ಇದೆಯೇ ಎಂದು ಮೇಳದವರನ್ನು ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಬೆಳಿಗ್ಗೆ ಮಾಡಿ ಹಾಟ್‌ಬಾಕ್ಸಿನಲ್ಲಿ ತರುವ ವ್ಯವಸ್ಥೆ ಆಗಬೇಕು. ಮಾತು "ತಿಂದು ನೋಡಿ" ಎನ್ನುವಾಗ ಚಮಚ ಕೈಯಲ್ಲಿ ಸಿದ್ಧವಾಗಿ ಇಲ್ಲದಿದ್ದರೆ ಆ ಮಾತನ್ನು ಹೇಳಲೇಬಾರದು.

ನಿಂತವರಿಗೆ ಹೇಳುವ ಎರಡನೆಯ ಮಾತು

ಕಾಲು ನಿಂತ ಮೇಲೆ ಇನ್ನು ಹತ್ತು ಹನ್ನೆರಡು ಸೆಕೆಂಡು ಸಿಗುತ್ತದೆ. ನಮ್ಮ ಪರಿಚಯಕ್ಕೆ ಜಾಗ ಇರುವುದು ಇಲ್ಲಿ. ಇಲ್ಲಿಯೂ ಅಕ್ಷರ ಎಣಿಸಿ, ಐವತ್ತೈದರ ಒಳಗೆ ಇಟ್ಟುಕೊಳ್ಳಿ: "ಇದು ಅಕ್ಕಿಯಲ್ಲ, ಕೊರಲೆ. ಮಧುಗಿರಿ ಕಡೆ ನಮ್ಮ ಹೊಲದಲ್ಲೇ ಬೆಳೆದದ್ದು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಅನ್ನದ ಹಾಗೆ ಬೇಯಿಸಿ. ಮನೆಗೆ ಅನ್ನಕ್ಕೆ ಬೇಕಾ, ದೋಸೆಗಾ?"

ಐವತ್ಮೂರು ಅಕ್ಷರಗಳ ಈ ಮಾತಿನಲ್ಲಿ ನಾಲ್ಕು ತುಣುಕುಗಳಿವೆ, ಪ್ರತಿಯೊಂದಕ್ಕೂ ಒಂದು ಕೆಲಸವಿದೆ. ಮೊದಲನೆಯದು ಹೆಸರನ್ನು ಎರಡನೆಯ ಸಲ ಹೇಳುತ್ತದೆ. ಗದ್ದಲದಲ್ಲಿ ಹೊಸ ಹೆಸರು ಒಂದೇ ಸಲಕ್ಕೆ ಕಿವಿಗೆ ಹತ್ತುವುದಿಲ್ಲ. ಎರಡನೆಯದು ಹೇಳುವವರು ಯಾರೆಂದು ತಿಳಿಸುತ್ತದೆ. "ರೈತ ಉತ್ಪಾದಕರ ಕಂಪನಿ" ಎಂಬ ಹತ್ತು ಅಕ್ಷರಗಳ ಬದಲಿಗೆ "ನಮ್ಮ ಹೊಲದಲ್ಲೇ" ಎಂಬ ಆರು ಅಕ್ಷರಗಳು ಅದೇ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡುತ್ತವೆ. ಆದರೆ ಆ ಮಾತನ್ನು ಹೇಳುವವರು ನಿಜವಾಗಿ ಬೆಳೆದವರೇ ಆಗಿರಬೇಕು. ಮಳಿಗೆಯಲ್ಲಿ ಕುಳಿತ ಗುಮಾಸ್ತರು ಅಥವಾ ಕಾಲೇಜು ವಿದ್ಯಾರ್ಥಿಗಳು "ನಮ್ಮ ಊರವರ ಹೊಲದಲ್ಲಿ" ಎನ್ನಲಿ. ಮೂರನೆಯದು, ಕೊಳ್ಳುವವರ ಮನಸ್ಸಿನಲ್ಲಿ ಏಳುವ ಮೊದಲ ಅನುಮಾನಕ್ಕೆ ಉತ್ತರ: ಇದನ್ನು ಅಡುಗೆ ಮಾಡುವುದು ಹೇಗೆ? ಕೊರಲೆಗೆ ನೆನೆಸುವ ಸಮಯ ಬೇಕು. ಅದನ್ನು ಮುಚ್ಚಿಟ್ಟರೆ ಮನೆಗೆ ಒಯ್ದವರು ಗಟ್ಟಿಯಾದ ಅನ್ನ ತಿಂದು ಮತ್ತೆ ಕೊಳ್ಳುವುದಿಲ್ಲ.

ಕೊನೆಯ ತುಣುಕು ಪ್ರಶ್ನೆಯಾಗಿರಬೇಕು, ಮತ್ತು ಅದಕ್ಕೆ "ಬೇಡ" ಎಂಬುದು ಸುಲಭದ ಉತ್ತರ ಆಗಿರಬಾರದು. "ಒಂದು ಪ್ಯಾಕೆಟ್ ಕೊಡಲಾ?" ಎಂದರೆ ಬೇಡವೆಂದು ಹೇಳಿ ಹೋಗುವುದು ಸಲೀಸು. "ಅನ್ನಕ್ಕೆ ಬೇಕಾ, ದೋಸೆಗಾ?" ಎಂದರೆ ಅವರು ತಮ್ಮ ಮನೆಯ ಅಡುಗೆಯನ್ನು ನೆನೆಸಿಕೊಳ್ಳುತ್ತಾರೆ, "ನಮ್ಮ ಮನೇಲಿ ಅನ್ನ ಕಡಿಮೆ, ಉಪ್ಪಿಟ್ಟಿಗೆ ಆಗುತ್ತಾ?" ಎಂದು ಅವರ ಮಾತು ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಅದು ಸಂಭಾಷಣೆ. ಬಾಯಿಪಾಠ ಮಾಡಿದ್ದನ್ನು ಅಲ್ಲಿಗೆ ನಿಲ್ಲಿಸಬೇಕು.

ಎದುರಿಗೆ ಬಂದವರು ಯಾರು?

ವಾಣಿಜ್ಯ ಮೇಳದಲ್ಲಿ ಮನೆಗೆ ಕೊಳ್ಳುವವರ ನಡುವೆಯೇ ಸಗಟು ಖರೀದಿದಾರರು ಬರುತ್ತಾರೆ, ಬೇರೆ ಊರಿನ ರೈತರೂ ಬರುತ್ತಾರೆ. ಒಂದೇ ಮಾತು ಮೂವರಿಗೂ ಹೊಂದುವುದಿಲ್ಲ. ಮನೆಗೆ ಕೊಳ್ಳುವವರ ಕಣ್ಣು ಪ್ಯಾಕೆಟ್ಟಿನ ಮೇಲೆ, ಬೆಲೆಯ ಚೀಟಿಯ ಮೇಲೆ ಇರುತ್ತದೆ. ವ್ಯಾಪಾರಸ್ಥರು ಬಿಡಿ ಕಾಳಿನ ತಟ್ಟೆಗೆ ಕೈ ಹಾಕಿ, ಅಂಗೈಯಲ್ಲಿ ಹರಡಿ, ಒಮ್ಮೆ ಊದಿ, ಹೊಟ್ಟು ಹೋಗದ ಕಾಳು ಮತ್ತು ಕಲ್ಲು ಎಷ್ಟಿದೆ ಎಂದು ನೋಡುತ್ತಾರೆ, ಒಂದೆರಡು ಕಾಳನ್ನು ಹಲ್ಲಿನಲ್ಲಿ ಕಡಿದು ತೇವ ನೋಡುತ್ತಾರೆ. ಈ ಅಂಗೈ ಕಂಡ ಕೂಡಲೇ ಚಿತ್ರಾನ್ನದ ಮಾತನ್ನು ಬಿಡಬೇಕು.

ಅವರಿಗೆ ಹೇಳುವ ಮಾತು ಬೇರೆ: "ಕೊರಲೆ ಅಕ್ಕಿ, ಪಾಲಿಶ್ ಇಲ್ಲ. ಈಗ ಎರಡು ಟನ್ ಸಿದ್ಧವಿದೆ, ಇಪ್ಪತ್ತೈದು ಕೆಜಿ ಚೀಲ. ಮಧುಗಿರಿಯಲ್ಲಿ ಲೋಡಿಂಗ್. ನಿಮಗೆ ತಿಂಗಳಿಗೆ ಎಷ್ಟು ಬೇಕಾಗುತ್ತೆ ಸರ್?" ಇಲ್ಲಿನ ಎರಡು ಟನ್ ಎಂಬುದು ಉದಾಹರಣೆ. ನಿಮ್ಮ ಗೋದಾಮಿನಲ್ಲಿ ಆ ದಿನ ನಿಜವಾಗಿ ಇರುವ ದಾಸ್ತಾನನ್ನೇ ಹೇಳಿ. ಸಣ್ಣ ಸಂಘಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. "ಎಷ್ಟು ಬೇಕಾದರೂ ಕೊಡ್ತೀವಿ" ಎಂದರೆ ಖರೀದಿದಾರರಿಗೆ ಉತ್ಸಾಹ ಬರುವುದಿಲ್ಲ, ದಾಸ್ತಾನಿನ ಲೆಕ್ಕ ಇಟ್ಟಿಲ್ಲವೆಂದು ಅರ್ಥವಾಗುತ್ತದೆ. ಕೊರಲೆಯ ಹೊಟ್ಟು ಗಟ್ಟಿ, ಕಾಳು ಸಣ್ಣದು. ಹೊಟ್ಟು ತೆಗೆಯುವುದೇ ಕಷ್ಟದ ಕೆಲಸವೆಂದು ಈ ವ್ಯಾಪಾರದಲ್ಲಿರುವವರಿಗೆಲ್ಲ ಗೊತ್ತಿರುವುದರಿಂದ, ಅಳತೆಯಿಲ್ಲದ ಭರವಸೆಯನ್ನು ಅವರು ನಂಬುವುದಿಲ್ಲ. ಕೈಯಲ್ಲಿರುವುದು ಎರಡೇ ಟನ್ ಆದರೆ ಎರಡೇ ಎನ್ನಿ, ಮುಂದಿನದು ಯಾವ ತಿಂಗಳಲ್ಲಿ ಬರುತ್ತದೆಂದು ಸೇರಿಸಿ.

ರೈತರು ಬಂದರೆ ಮುಖ ನೋಡಿಯೇ ತಿಳಿಯುತ್ತದೆ, ಅವರು ಮೊದಲು ತೆನೆಯ ಕಟ್ಟನ್ನು ಮುಟ್ಟುತ್ತಾರೆ. "ಹುಣಸೆ ಮರದ ನೆರಳಲ್ಲೂ ಬರುತ್ತೆ, ಅಣ್ಣ" ಎಂಬ ಒಂದೇ ಮಾತು ಅವರನ್ನು ನಿಲ್ಲಿಸಲು ಸಾಕು. ತುಮಕೂರು ಸೀಮೆಯಲ್ಲಿ ಹುಣಸೆ ತೋಪಿನ ಕೆಳಗೂ ಕೊರಲೆ ಬೆಳೆಯುವುದುಂಟು, ಬೇರೆ ಧಾನ್ಯದ ಬಗ್ಗೆ ಈ ಮಾತು ಹೇಳಲು ಬರುವುದಿಲ್ಲ. ಪತ್ರಿಕೆಯವರಿಗೂ ಇದೇ ಮಾತು ರುಚಿಸುತ್ತದೆ. ಆದರೆ ಮನೆಗೆ ಕೊಳ್ಳುವವರಿಗೆ ಇದನ್ನು ಮೊದಲು ಹೇಳಬೇಡಿ. ನೆರಳಿನಲ್ಲಿ ಬೆಳೆದರೆ ನಮಗೇನು ಎಂದು ಅವರು ಮುಂದೆ ನಡೆಯುತ್ತಾರೆ.

ಕರೆಯುವ ಪದ ಮತ್ತು ಭಾಷೆ

ಬೆಂಗಳೂರಿನ ಮೇಳದಲ್ಲಿ "ಸರ್", "ಮೇಡಂ" ಎನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಹೊಲದಿಂದ ಬಂದವರ ಬಾಯಲ್ಲಿ "ಅಕ್ಕ", "ಅಣ್ಣ", ಹಿರಿಯರಿಗೆ "ಅಮ್ಮ", "ಸ್ವಾಮಿ" ಎಂಬುದು ಸಹಜವಾಗಿ ಕೇಳಿಸುತ್ತದೆ, ಜನ ತಿರುಗಿ ನೋಡುತ್ತಾರೆ. "ಆಂಟಿ", "ಅಂಕಲ್" ಬೇಡ, ಅದರಿಂದ ಮುಖ ಸಿಂಡರಿಸಿಕೊಂಡು ಹೋದವರನ್ನು ಕಂಡಿದ್ದೇನೆ. ಕರೆಯುವ ಪದವನ್ನು ಮಾತಿನ ಕೊನೆಗೆ ಇಡಿ. ಮೊದಲಿಗೇ "ಅಕ್ಕ, ಅಕ್ಕ" ಎಂದು ಕೂಗಿದರೆ ಏನನ್ನೋ ಮಾರಲು ಬೆನ್ನು ಹತ್ತಿದ್ದಾರೆಂದು ಅವರು ದೃಷ್ಟಿ ತಪ್ಪಿಸುತ್ತಾರೆ. ಧಾರವಾಡದ ಕೃಷಿ ಮೇಳಕ್ಕೆ ಹೋದಾಗ ಅಲ್ಲಿನ ಆಡುಮಾತನ್ನು ಅನುಕರಿಸಲು ಹೋಗಬೇಡಿ. ಮಧುಗಿರಿಯವರು ನಿಮ್ಮ ಮಾತಿನಲ್ಲೇ ಹೇಳಿ, "ನೋಡಿ" ಎಂಬಲ್ಲಿ "ನೋಡ್ರಿ" ಎಂದರೆ ಸಾಕು.

ಬೆಂಗಳೂರಿನಲ್ಲಿ ಕನ್ನಡ ಬಾರದವರೂ ಬಹಳ ಮಂದಿ ಬರುತ್ತಾರೆ. ಕನ್ನಡದಲ್ಲೇ ಆರಂಭಿಸಿ, ಅರ್ಥವಾಗದ ಮುಖ ಕಂಡರೆ "ಬ್ರೌನ್‌ಟಾಪ್ ಮಿಲೆಟ್" ಎಂಬ ಹೆಸರನ್ನು ಹೇಳಿ ಚಮಚ ನೀಡಿದರೆ ಮೊದಲ ಮಾತಿನ ಕೆಲಸ ಆದಂತೆಯೇ. ತೆಲುಗು ಮಾತನಾಡುವವರ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ತೆಲುಗಿನಲ್ಲಿ "ಕೊರ್ರಲು" ಎಂದರೆ ನವಣೆ. ನೀವು "ಕೊರಲೆ" ಎಂದದ್ದು ಅವರ ಕಿವಿಗೆ ನವಣೆಯೆಂದು ಬಿದ್ದು, "ನಮ್ಮ ಮನೆಯಲ್ಲಿ ಇದೆ" ಎಂದು ಹೊರಟುಬಿಡುತ್ತಾರೆ. ಅವರಿಗೆ "ಅಂಡುಕೊರ್ರಲು" ಎಂದು ಹೇಳಬೇಕು. ಮಧುಗಿರಿ, ಪಾವಗಡದ ಕಡೆಯವರಿಗೆ ತೆಲುಗು ಹೊಸದಲ್ಲ. ಆದರೂ ಮಳಿಗೆಯಲ್ಲಿ ನಿಂತಾಗ ಈ ವ್ಯತ್ಯಾಸ ಮರೆತುಹೋಗುತ್ತದೆ, ಆದ್ದರಿಂದ ಮೇಜಿನ ಒಳಬದಿಗೆ ಒಂದು ಚೀಟಿ ಅಂಟಿಸಿಡಿ.

ಹೇಳಬಾರದ ಎರಡು ಮಾತು

ಸಿರಿಧಾನ್ಯದ ಮಳಿಗೆಗಳಲ್ಲಿ "ಸಕ್ಕರೆ ಕಾಯಿಲೆ ವಾಸಿಯಾಗುತ್ತೆ" ಎಂಬ ಮಾತಿಗೆ ಜನ ತಕ್ಷಣ ನಿಲ್ಲುತ್ತಾರೆ ಎಂಬುದು ನಿಜ. ಅದಕ್ಕಾಗಿಯೇ ಅದನ್ನು ಬಿಡುವುದು ಕಷ್ಟ. ಆದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಕಲಮಿನ ಪ್ರಕಾರ ಆಹಾರದ ಬಗ್ಗೆ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು, ಶಬ್ದದ ಮೂಲಕ ಮಾಡುವ ಪ್ರಚಾರವೂ ಆ ಕಾಯ್ದೆಯ ಜಾಹೀರಾತಿನ ವ್ಯಾಖ್ಯೆಯೊಳಗೆ ಬರುತ್ತದೆ. ದಂಡಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ಆ ಮಾತನ್ನು ನಂಬಿದ ಯಾರಾದರೂ ಮಾತ್ರೆ ನಿಲ್ಲಿಸಿದರೆ ಅದರ ಹೊಣೆ ಹೊರುವವರು ಯಾರು? ಯಾರಾದರೂ ತಾವಾಗಿ ಕಾಯಿಲೆಯ ವಿಷಯ ಕೇಳಿದರೆ, "ಅದನ್ನ ಡಾಕ್ಟರ್ ಹೇಳಬೇಕು ಅಮ್ಮ, ಅನ್ನದ ಬದಲು ಹೇಗೆ ಬಳಸೋದು ಅಂತ ನಾನು ಹೇಳಬಲ್ಲೆ" ಎನ್ನಿ.

ಇನ್ನೊಂದು ಮಾತು "ಸಾವಯವ". ಪ್ಯಾಕೆಟ್ಟಿನ ಧಾನ್ಯಕ್ಕೆ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಎಂಬ ಸರ್ಕಾರಿ ವ್ಯವಸ್ಥೆಗಳ ಸಾವಯವ ಪ್ರಮಾಣಪತ್ರ ಇದ್ದರೆ ಧೈರ್ಯವಾಗಿ ಹೇಳಿ, ಪ್ರತಿಯನ್ನು ಮೇಜಿನ ಮೇಲೆ ಇಡಿ. ಇಲ್ಲದಿದ್ದರೆ ಮಾಡಿದ್ದನ್ನು ಮಾತ್ರ ಹೇಳಿ: "ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆದದ್ದು." ಇದು ನಿಜವಾಗಿದ್ದರೆ, ಸಾಲಿನ ಎಲ್ಲ ಮಳಿಗೆಗಳಲ್ಲೂ ಕೇಳಿಬರುವ "ಸಾವಯವ" ಎಂಬ ಪದಕ್ಕಿಂತ ಇದನ್ನೇ ಜನ ಹೆಚ್ಚು ನಂಬುತ್ತಾರೆ.

ಎಲ್ಲಿ ನಿಲ್ಲಬೇಕು

ಮೇಜಿನ ಹಿಂದೆ ಕುಳಿತು ಹೇಳಿದ ಮಾತು ಅರ್ಧ ದಾರಿಯಲ್ಲೇ ಕರಗುತ್ತದೆ. ಮೊದಲ ಅರ್ಧ ಗಂಟೆ ಸುಮ್ಮನೆ ನಿಂತು ಜನ ಹೆಚ್ಚಾಗಿ ಯಾವ ಕಡೆಯಿಂದ ಬರುತ್ತಿದ್ದಾರೆಂದು ನೋಡಿ. ಅವರು ಎಡದಿಂದ ಬರುತ್ತಿದ್ದರೆ ಮಾತನಾಡುವವರು ಮಳಿಗೆಯ ಬಲ ತುದಿಯಲ್ಲಿ, ಮೇಜಿನ ಪಕ್ಕಕ್ಕೆ, ಎಡಕ್ಕೆ ಮುಖ ಮಾಡಿ ನಿಲ್ಲಬೇಕು. ಆಗ ಬರುವವರ ಮುಖ ನಿಮ್ಮ ಎದುರಿಗಿರುತ್ತದೆ, ಮೂರು ಮೀಟರ್ ಉದ್ದಕ್ಕೂ ಅವರು ನಿಮ್ಮ ಕಡೆಗೇ ನಡೆದು ಬರುತ್ತಿರುತ್ತಾರೆ. ಎಡ ತುದಿಯಲ್ಲಿ ನಿಂತರೆ ಎರಡು ಹೆಜ್ಜೆಗೆ ಅವರ ಬೆನ್ನಿಗೆ ಮಾತನಾಡಬೇಕಾಗುತ್ತದೆ. ದಾರಿಗೆ ಅಡ್ಡ ಬಂದು ನಿಲ್ಲಬೇಡಿ, ಕೈ ಹಿಡಿದು ಎಳೆಯುವಂತೆ ಚಮಚ ಚಾಚಬೇಡಿ.

ಊರಲ್ಲೇ ಪರೀಕ್ಷಿಸಿ, ಮೇಳದಲ್ಲಿ ಎಣಿಸಿ

ಹೊರಡುವ ಮುಂಚೆ ಅಂಗಳದಲ್ಲಿ ಮೂರು ಮೀಟರ್ ಅಳೆದು ಎರಡು ಗೆರೆ ಎಳೆಯಿರಿ, ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಡಿ. ನಿಮ್ಮ ವ್ಯಾಪಾರದ ಬಗ್ಗೆ ಏನೂ ತಿಳಿಯದ ಒಬ್ಬರನ್ನು ಗೆರೆಗಳ ನಡುವೆ ನಡೆಯಲು ಹೇಳಿ, ನಿಲ್ಲಬೇಡಿ ಎಂದೇ ಹೇಳಿ. ಅವರು ದಾಟಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ನಾನು ಏನು ಮಾರುತ್ತಿದ್ದೇನೆ?" "ಏನೋ ಧಾನ್ಯ" ಎಂದರೆ ಮಾತನ್ನು ಮತ್ತೆ ಕಟ್ಟಬೇಕು. "ಕೊರ... ಕೊರೆ... ಅಂತ ಏನೋ" ಎಂದರೆ ಮಾತು ಸರಿಯಿದೆ, ಉಚ್ಚಾರಣೆ ನಿಧಾನವಾಗಬೇಕು, "ಕೊರಲೆ" ಎಂಬುದನ್ನು ಮೂರೂ ಅಕ್ಷರ ಬಿಡಿಸಿ ಕೇಳುವಂತೆ ಹೇಳಿ, ಆಡುಮಾತಿನಲ್ಲಿ ಆಗುವಂತೆ "ಕೊರ್ಲೆ" ಎಂದು ಕುಗ್ಗಿಸಬೇಡಿ.

ಮೇಳದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಂಬಗಳನ್ನು ಮಾಡಿ: ಎಷ್ಟು ಜನರಿಗೆ ಹೇಳಿದೆವು, ಎಷ್ಟು ಜನ ನಿಂತರು, ಎಷ್ಟು ಜನ ಕೊಂಡರು ಅಥವಾ ನಂಬರ್ ಕೊಟ್ಟರು. ಪಕ್ಕದಲ್ಲಿರುವ ಇನ್ನೊಬ್ಬರು ಗೀಟು ಹಾಕಲಿ. ಐವತ್ತು ಜನರಿಗೆ ಒಂದೇ ಮಾತನ್ನು ಹೇಳಿದ ಮೇಲೆ ಕಂಬಗಳನ್ನು ನೋಡಿ. ಎರಡನೆಯ ಕಂಬ ಖಾಲಿ ಇದ್ದರೆ ಮೊದಲ ಮಾತಿನಲ್ಲಿ ಅಥವಾ ನಿಲ್ಲುವ ಜಾಗದಲ್ಲಿ ದೋಷವಿದೆ. ಎರಡನೆಯದು ತುಂಬಿ ಮೂರನೆಯದು ಖಾಲಿ ಇದ್ದರೆ ಚಿತ್ರಾನ್ನ ತಿಂದು ಹೋಗುತ್ತಿದ್ದಾರೆ ಎಂದರ್ಥ. ಆಗ ಎರಡನೆಯ ಮಾತನ್ನು ಯಾವಾಗ ಹೇಳುತ್ತಿದ್ದೀರಿ ಎಂದು ಗಮನಿಸಿ: ಬಾಯಿಗೆ ಚಮಚ ಇಟ್ಟ ಕೂಡಲೇ ಹೇಳಿದರೆ ಅಗಿಯುವವರು ಪ್ರಶ್ನೆಗೆ ಉತ್ತರಿಸಲಾರರು, ನುಂಗಿ ತಲೆ ಎತ್ತಿದಾಗ ಹೇಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮಾತು ಮತ್ತು ಜಾಗ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಪರಿಣಾಮವಾಯಿತೆಂದು ತಿಳಿಯದು.

ಜನರ ಉತ್ತರಗಳೂ ಕೊರತೆಯನ್ನು ತೋರಿಸುತ್ತವೆ. "ಇದು ನವಣೆನಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ ಹೆಸರು ತಲುಪಿಲ್ಲ, ಅಂಗೈಯಗಲದ ಅಕ್ಷರಗಳಲ್ಲಿ "ಕೊರಲೆ" ಎಂದು ಬರೆದ ರಟ್ಟನ್ನು ಕಾಳಿನ ತಟ್ಟೆಗೆ ಒರಗಿಸಿಡಿ. "ಆಮೇಲೆ ಬರ್ತೀವಿ" ಎನ್ನುವವರು ಹೆಚ್ಚಾದರೆ ಎರಡನೆಯ ಮಾತು ಪ್ರಶ್ನೆಯಲ್ಲಿ ಮುಗಿಯುತ್ತಿಲ್ಲ. ಭಾನುವಾರದ ಸಂಜೆಯಂಥ ನೂಕುನುಗ್ಗಲಿನಲ್ಲಿ ಹತ್ತೊಂಬತ್ತು ಅಕ್ಷರವೂ ಹೆಚ್ಚಾಗುತ್ತದೆ; ಆಗ "ಕೊರಲೆ ಅಕ್ಕಿ. ರುಚಿ ನೋಡಿ" ಎಂಬ ಒಂಬತ್ತು ಅಕ್ಷರಗಳಿಗೆ ಇಳಿಯಿರಿ.

ಮಾತನಾಡುವವರನ್ನು ಮುಕ್ಕಾಲು ಗಂಟೆಗೊಮ್ಮೆ ಬದಲಿಸಿ. ಗಂಟಲು ಒಣಗುವುದಕ್ಕಿಂತ ಮುಂಚೆಯೇ ಮಾತು ಯಾಂತ್ರಿಕವಾಗುತ್ತದೆ, ಅದು ಹೇಳುವವರಿಗೆ ತಿಳಿಯುವುದಿಲ್ಲ. ಗೀಟು ಹಾಕುವವರಿಗೆ ಎರಡನೆಯ ಕಂಬದಲ್ಲಿ ಮೊದಲು ಕಾಣುತ್ತದೆ.

ನಂಬರ್ ಕೊಟ್ಟು ಹೋದ ವ್ಯಾಪಾರಸ್ಥರ ಕಾರ್ಡಿನ ಹಿಂಬದಿಗೆ ಅವರು ಕೇಳಿದ ಪ್ರಮಾಣ ಮತ್ತು ನೀವು ಹೇಳಿದ ದಾಸ್ತಾನನ್ನು ಅವರ ಎದುರಿಗೇ ಬರೆದುಕೊಳ್ಳಿ. ಅವರು ಆ ದಿನ ಹತ್ತಾರು ಮಳಿಗೆ ಸುತ್ತಿರುತ್ತಾರೆ, ಕಂಪನಿಯ ಹೆಸರು ಅವರ ನೆನಪಿನಲ್ಲಿ ಉಳಿದಿರುವುದಿಲ್ಲ. ಮೂರನೆಯ ದಿನ ಫೋನ್ ಮಾಡಿದಾಗ "ಮಧುಗಿರಿಯಿಂದ ಸರ್, ಮೇಳದಲ್ಲಿ ಕೊರಲೆ ಅಕ್ಕಿ ಊದಿ ನೋಡಿದ್ರಲ್ಲ, ಇಪ್ಪತ್ತೈದು ಕೆಜಿ ಚೀಲ" ಎಂದು ಅಲ್ಲಿ ಹೇಳಿದ ಪದಗಳಿಂದಲೇ ಆರಂಭಿಸಿ.